ಸಂಬಳ ಚೀಟಿಯ ಇನ್ನೂರು ರೂಪಾಯಿ

ಯಲ್ಲದಕೆರೆಯ ಮೇಷ್ಟ್ರುಗಳಾದ ನಮ್ಮ ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿ ‘ವೃತ್ತಿ ತೆರಿಗೆ’ ಎಂದು ಕಡಿತವಾಗುತ್ತದೆ. ಒಳ್ಳೆಯ ತೆರಿಗೆಗೆ ನಿಶ್ಚಿತತೆ, ಅನುಕೂಲ, ಮಿತವ್ಯಯ, ನ್ಯಾಯ ಎಂಬ ನಾಲ್ಕು ಗುಣಗಳಿರಬೇಕೆಂದು ಆಡಂ ಸ್ಮಿತ್ 1776ರಲ್ಲೇ ಬರೆದ. ಈ 200 ರೂಪಾಯಿಯನ್ನೇ ಒರೆಗೆ ಹಚ್ಚಿ ನೋಡೋಣ.

ಎಷ್ಟು ಕೊಡಬೇಕೆಂಬುದು ಮೊದಲೇ ಗೊತ್ತು. 2025ರಿಂದ ಫೆಬ್ರವರಿಗೆ ಮಾತ್ರ 300. ವರ್ಷಕ್ಕೆ ಒಟ್ಟು 2,500. ಯಾವ ಅಧಿಕಾರಿಯ ಮರ್ಜಿಯೂ ಇದರಲ್ಲಿ ನಡೆಯದು. ಕೈಯಲ್ಲಿ ದುಡ್ಡಿರುವ ಸಂಬಳದ ದಿನವೇ ಕಡಿತ, ಆದ್ದರಿಂದ ಅನುಕೂಲ. ಸಂಬಳದ ಬಿಲ್ಲಿನಲ್ಲೇ ಮುರಿದುಕೊಳ್ಳುವುದರಿಂದ ವಸೂಲಿಗೆ ಬೇರೆ ಖರ್ಚಿಲ್ಲ. 1979ರಲ್ಲಿ ನಮ್ಮ ರಾಜ್ಯದಲ್ಲಿ ರದ್ದಾದ ಆಕ್ಟ್ರಾಯ್ ಹೀಗಿರಲಿಲ್ಲ. ಊರ ಬಾಗಿಲಲ್ಲೇ ಲಾರಿ ತಡೆದು ಸರಕು ನೋಡಬೇಕಿತ್ತು. ನಾಕಾ, ಗುಮಾಸ್ತ, ಕಾವಲುಗಾರ ಎಲ್ಲಕ್ಕೂ ಖರ್ಚು. ಲಾರಿಯವನಿಗೆ ಹೊತ್ತು ಹಾಳು.

ನಮ್ಮ ವೃತ್ತಿ ತೆರಿಗೆ ಎಡವುವುದು ನ್ಯಾಯದಲ್ಲಿ. ತಿಂಗಳಿಗೆ 25,000 ಪಡೆಯುವವನಿಗೂ 200, ಒಂದು ಲಕ್ಷ ಪಡೆಯುವವನಿಗೂ 200. ಮೊದಲಿನವನಿಗೆ ಅದು ಸಂಬಳದ ಶೇಕಡಾ 0.8, ಎರಡನೆಯವನಿಗೆ 0.2. ಮೇಲಿನವರಿಗೆ ಇನ್ನೂ ಹೆಚ್ಚು ಹಾಕೋಣವೆಂದರೆ ರಾಜ್ಯದ ಕೈ ಕಟ್ಟಿದೆ. ವೃತ್ತಿ ತೆರಿಗೆ ವರ್ಷಕ್ಕೆ 2,500 ದಾಟಬಾರದೆಂದು 1988ರ ತಿದ್ದುಪಡಿಯಿಂದ ಸಂವಿಧಾನದ 276ನೇ ವಿಧಿಯಲ್ಲೇ ಮಿತಿ ಇದೆ. 25,000ಕ್ಕಿಂತ ಕಡಿಮೆ ಸಂಬಳಕ್ಕೆ ತೆರಿಗೆಯೇ ಇಲ್ಲ. ಆದರೆ 24,900 ಪಡೆಯುತ್ತಿದ್ದ ಗುಮಾಸ್ತನಿಗೆ 200 ರೂಪಾಯಿ ಬಡ್ತಿ ಸಿಕ್ಕಿತೆನ್ನಿ, ಆ ತಿಂಗಳೂ ಅವನು ಮನೆಗೆ ಒಯ್ಯುವುದು 24,900ನ್ನೇ.