ಕತ್ತರಿ ನುಂಗಿದ ವರ್ಷಗಳು

ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ 2024ರಲ್ಲಿ ಒಂದು ಕನ್ನಡ ಕಿರುಚಿತ್ರ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ನಿರ್ದೇಶಿಸಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಅಲ್ಲಿ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದು ಹೋಗುತ್ತಾಳೆ, ಆಮೇಲೆ ಊರಿಗೆ ಬೆಳಗಾಗುವುದೇ ಇಲ್ಲ. ಅಜ್ಜಿಯರು ಹೇಳುವ ಈ ಕಥೆಯೇ ಸುಮಾರು ಹದಿನಾರು ನಿಮಿಷದ ಆ ಚಿತ್ರಕ್ಕೆ ಆಧಾರ.

ಇಂಥ ಕಥೆಯನ್ನು ತೆರೆಗೆ ತರುವವರಿಗೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಕಾಲ ಸರಿಯಿತೆಂದು ಹೇಳಲು ಸಿನಿಮಾಕ್ಕೆ ಇರುವ ಅತಿ ಅಗ್ಗದ ಉಪಾಯವೆಂದರೆ ಸೂರ್ಯ. ರಾತ್ರಿಯ ದೃಶ್ಯದ ಮುಂದೆ ಹಗಲಿನ ದೃಶ್ಯವಿಟ್ಟರೆ ಮರುದಿನವಾಯಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಸೂರ್ಯನೇ ಇಲ್ಲದಿದ್ದರೆ ಪ್ರೇಕ್ಷಕನ ಕೈಗೆ ಬೇರೆ ಗಡಿಯಾರ ಕೊಡಬೇಕು. ನಿಜವಾಗಿ ನೋಡಿದರೆ ಹತ್ತು–ಹದಿನೈದು ನಿಮಿಷದಲ್ಲಿ ಹತ್ತಾರು ವರ್ಷ ದಾಟಬೇಕಾದ ಎಲ್ಲ ಕಿರುಚಿತ್ರಗಳ ಪಾಡೂ ಇದೇ. ಸೂರ್ಯ ಒಂದು ದಿನ ಕಳೆಯಿತೆಂದು ಹೇಳಬಲ್ಲ, ಇಪ್ಪತ್ತು ವರ್ಷ ಕಳೆಯಿತೆಂದು ಹೇಳಲಾರ.

ಹೊಸದಾಗಿ ಚಿತ್ರ ಮಾಡುವವರು ಆಗ ಮೊದಲು ಕೈ ಹಾಕುವುದು ಮ್ಯಾಚ್ ಕಟ್‌ಗೆ. ಒಂದು ಶಾಟ್‌ನ ಆಕಾರವೋ ಚಲನೆಯೋ ಸದ್ದೋ ಮುಂದಿನ ಶಾಟ್‌ನಲ್ಲೂ ಹಾಗೇ ಮುಂದುವರಿಯುವಂತೆ ಕತ್ತರಿಸುವುದು. ಸೈಕಲ್ ಚಕ್ರ ತಿರುಗುತ್ತದೆ, ಅದೇ ಜಾಗದಲ್ಲಿ ಕಾರಿನ ಚಕ್ರ ತಿರುಗುತ್ತದೆ, ಹುಡುಗ ದೊಡ್ಡವನಾದ. ಹೀಗೆ ಜೋಡಿಸಿದ ಮೇಲೆ ಕಾಲದ ಲೆಕ್ಕ ಚುಕ್ತಾ ಆಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಆದರೆ ಮ್ಯಾಚ್ ಕಟ್ ಎರಡು ಕಾಲಗಳನ್ನು ಜೋಡಿಸುತ್ತದೆಯೇ ಹೊರತು ಅವುಗಳ ನಡುವಿನ ಅಂತರವನ್ನು ಅಳೆಯುವುದಿಲ್ಲ.

ಕನ್ನಡ ಬಲ್ಲವರಿಗೆ ಇದು ಹೊಸತಲ್ಲ. ಶಾಲೆಯ ವ್ಯಾಕರಣದಲ್ಲಿ ಕೃದಂತಾವ್ಯಯ ಎಂದು ಕಲಿತ ‘ಬಂದು’, ‘ಬಿಟ್ಟು’, ‘ಮಾಡಿ’ಗಳು ಮಾಡುವುದೂ ಇದೇ ಕೆಲಸ. ‘ಊಟ ಮಾಡಿ ಮಲಗಿದ’ ಎಂದರೆ ನಡುವೆ ಐದು ನಿಮಿಷ ಕಳೆದಿರಬಹುದು. ‘ಊರು ಬಿಟ್ಟು ಪುಣೆಗೆ ಬಂದು ಮನೆ ಕಟ್ಟಿದ’ ಎಂದರೆ ಮೂವತ್ತು ವರ್ಷ ಕಳೆದಿರಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕ್ರಿಯಾರೂಪ ಹೇಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವು ಊಟ, ನಿದ್ದೆ, ಮನೆ ಎಂಬ ಮಾತುಗಳಿಂದ ಊಹಿಸಿಕೊಳ್ಳುತ್ತೇವೆ.

ತೆರೆಯ ಮೇಲೂ ಹಾಗೆಯೇ ಎಂಬುದಕ್ಕೆ ಎರಡು ಪ್ರಸಿದ್ಧ ಜೋಡಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ (1968) ವಾನರ ಮೇಲಕ್ಕೆಸೆದ ಮೂಳೆ ಗಾಳಿಯಲ್ಲಿ ತಿರುಗುತ್ತಿರುವಾಗ ಕತ್ತರಿ ಬೀಳುತ್ತದೆ, ಮುಂದಿನ ಶಾಟ್‌ನಲ್ಲಿ ಅಂತರಿಕ್ಷದಲ್ಲಿ ತೇಲುವ ಉದ್ದನೆಯ ಉಪಗ್ರಹ. ನಡುವೆ ಲಕ್ಷಾಂತರ ವರ್ಷಗಳು ಹೋದವು. ಸತ್ಯಜಿತ್ ರಾಯ್ ಅವರ ‘ಅಪುರ್ ಸಂಸಾರ್’ನಲ್ಲಿ (1959) ಅಪು ಮತ್ತು ಅಪರ್ಣಾ ಟಾಕೀಸಿನಲ್ಲಿ ಪೌರಾಣಿಕ ಚಿತ್ರ ನೋಡುತ್ತಿರುತ್ತಾರೆ. ಆ ಬೆಳ್ಳಿತೆರೆಯ ಚೌಕ ಕರಗಿ ಕುದುರೆಗಾಡಿಯ ಹಿಂಬದಿ ಕಿಟಕಿಯ ಚೌಕವಾಗುತ್ತದೆ. ದಂಪತಿ ಮನೆಗೆ ಹೊರಟಿದ್ದಾರೆ. ಇಲ್ಲಿ ಕಳೆದದ್ದು ಹೆಚ್ಚೆಂದರೆ ಒಂದೆರಡು ಗಂಟೆ. ಎರಡೂ ಕಡೆ ಆಕಾರಕ್ಕೆ ಆಕಾರ ಜೋಡಿಸಿದ ಉಪಾಯವೇ. ಕತ್ತರಿಸುವುದು, ಕರಗಿಸುವುದು ಎಂಬ ವ್ಯತ್ಯಾಸವಿದೆ ನಿಜ. ಆದರೆ ಲಕ್ಷಾಂತರ ವರ್ಷ ದಾಟಿದ್ದು ನೇರ ಕಟ್, ಒಂದು ಸಂಜೆ ದಾಟಿದ್ದು ಡಿಸಾಲ್ವ್ ಎಂಬುದನ್ನು ಗಮನಿಸಿದರೆ, ದೀರ್ಘ ಕಾಲಕ್ಕೆ ಡಿಸಾಲ್ವೇ ಬೇಕು ಎಂಬ ಹಳೆಯ ನಿಯಮವೂ ನಿಲ್ಲುವುದಿಲ್ಲ. ಕಾಲದ ಪ್ರಮಾಣ ತಿಳಿದದ್ದು ಉಪಗ್ರಹದಿಂದ ಮತ್ತು ಕುದುರೆಗಾಡಿಯಿಂದ.

ಹಾಗಾದರೆ ಅಳತೆ ಎಲ್ಲಿಂದ ಬರಬೇಕು? ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ (1941) ಒಂದು ದಾರಿ ತೋರಿಸುತ್ತದೆ. ಬಾಲಕ ಕೇನ್‌ಗೆ ಅವನ ಪೋಷಕ ಥ್ಯಾಚರ್ ಕ್ರಿಸ್ಮಸ್ ಶುಭಾಶಯ ಹೇಳುತ್ತಾನೆ. ಆ ಮಾತಿನ ಮುಂದುವರಿಕೆಯಾದ ಹೊಸ ವರ್ಷದ ಶುಭಾಶಯ ಮುಗಿಯುವ ಹೊತ್ತಿಗೆ ಥ್ಯಾಚರ್ ಮುದುಕನಾಗಿದ್ದಾನೆ, ಇಪ್ಪತ್ತೈದು ತುಂಬಲಿರುವ ಕೇನ್‌ಗೆ ಪತ್ರ ಬರೆಸುತ್ತಿದ್ದಾನೆ. ಜೋಡಿಸುವ ಕೆಲಸವನ್ನು ಅರ್ಧಕ್ಕೆ ನಿಂತ ವಾಕ್ಯ ಮಾಡುತ್ತದೆ. ಅಳೆಯುವ ಕೆಲಸವನ್ನು ಬಿಳಿಗೂದಲೂ ಪತ್ರದಲ್ಲಿರುವ ವಯಸ್ಸೂ ಮಾಡುತ್ತವೆ. ಎರಡು ಕೆಲಸಕ್ಕೆ ಎರಡು ಬೇರೆ ಸಾಮಗ್ರಿ.

ಇದನ್ನು ಪುಣೆಯಲ್ಲೇ ನಡೆಯಬಹುದಾದ ಒಂದು ಕಲ್ಪಿತ ಕಿರುಚಿತ್ರದಲ್ಲಿ ಕಟ್ಟಿ ನೋಡೋಣ. ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು 1999ರಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬರುತ್ತಾಳೆ. 2021ರಲ್ಲಿ ಅವಳು ವಿದ್ಯಾರ್ಥಿಗಳ ಮೆಸ್ಸೊಂದರಲ್ಲಿ ಅಡುಗೆಯವಳು. ಚಿತ್ರದ ಉದ್ದ ಹನ್ನೆರಡು ನಿಮಿಷ. ಇಪ್ಪತ್ತೆರಡು ವರ್ಷ ದಾಟಿಸುವ ಕೊಂಡಿ ಅವಳು ರೊಟ್ಟಿ ಬಡಿಯುವ ಕೈ.

ಮೊದಲ ಶಾಟ್ ಜೋಪಡಿಯೊಳಗೆ, ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾ. ರೊಟ್ಟಿ ಚೌಕಟ್ಟಿನ ನಟ್ಟನಡುವೆ, ಬೆಳಕು ಎಡಗಡೆಯಿಂದ. ಈ ಶಾಟ್ ಮುಗಿದ ಕೂಡಲೇ ಲೆನ್ಸ್ ಎಷ್ಟರದು, ಕ್ಯಾಮೆರಾ ಹಲಗೆಯಿಂದ ಎಷ್ಟು ಎತ್ತರದಲ್ಲಿತ್ತು, ಎಷ್ಟು ಬಾಗಿತ್ತು, ಬೆಳಕು ಎಲ್ಲಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕತ್ತರಿಸಲಿರುವ ಫ್ರೇಮಿನ ಒಂದು ಚಿತ್ರವನ್ನೂ ಉಳಿಸಿಕೊಳ್ಳಬೇಕು. ಎರಡನೆಯ ಶಾಟ್ ಮೆಸ್ಸಿನ ಅಡುಗೆಮನೆಯಲ್ಲಿ ನಡೆಯುವಾಗ ಆ ಚಿತ್ರವನ್ನು ಮಾನಿಟರಿನ ಮೇಲೆ ಅರೆಪಾರದರ್ಶಕವಾಗಿ ಹರಡಿ, ರೊಟ್ಟಿಯ ಅಂಚಿಗೆ ಅಂಚು ಕೂಡುವಂತೆ ಕ್ಯಾಮೆರಾ ನಿಲ್ಲಿಸಬೇಕು. ಸ್ವಲ್ಪ ತಪ್ಪಿದ್ದರೆ ಸಂಕಲನದಲ್ಲಿ ಚಿತ್ರವನ್ನು ತುಸು ಹಿಗ್ಗಿಸಿ ಸರಿಪಡಿಸಬಹುದು. ಲೆನ್ಸನ್ನೇ ಬದಲಿಸಿದ್ದರೆ ಅದು ಸರಿಹೋಗುವುದಿಲ್ಲ, ಏಕೆಂದರೆ ಕೈಗೂ ರೊಟ್ಟಿಗೂ ಇರುವ ಗಾತ್ರದ ಸಂಬಂಧವೇ ಬೇರೆಯಾಗಿರುತ್ತದೆ.

ಕತ್ತರಿಸುವ ಜಾಗ ಕೈ ಕೆಳಗಿಳಿದು ಹಿಟ್ಟನ್ನು ಮುಟ್ಟುವ ಕ್ಷಣ. ಮೊದಲ ಶಾಟ್ ಕೈ ಇಳಿಯುತ್ತಿರುವಾಗ ಮುಗಿಯಬೇಕು, ಎರಡನೆಯದು ಬಡಿತದೊಂದಿಗೆ ಶುರುವಾಗಬೇಕು. ಎರಡೂ ಕಡೆ ಕೈಯ ವೇಗ ಒಂದೇ ಇರಬೇಕು. ಇಪ್ಪತ್ತೆರಡು ವರ್ಷದ ಅನುಭವ ತೋರಿಸಲು ಎರಡನೆಯ ಶಾಟ್‌ನಲ್ಲಿ ಕೈ ಚುರುಕಾಗಲಿ ಎಂಬ ಆಸೆ ಸಹಜ. ಆದರೆ ಆ ಚುರುಕು ಎರಡು ಮೂರು ಬಡಿತಗಳಾದ ಮೇಲೆ ಬರಲಿ. ಕಟ್ ಆದ ಮರುಕ್ಷಣದಲ್ಲೇ ವೇಗ ಬದಲಾದರೆ ಕೊಂಡಿ ಕಳಚುತ್ತದೆ.

ಇಲ್ಲಿಯವರೆಗೆ ಆದದ್ದು ಜೋಡಣೆ ಮಾತ್ರ. ಇಷ್ಟಕ್ಕೇ ನಿಲ್ಲಿಸಿ ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ನಡುವೆ ಎಷ್ಟು ಕಾಲ ಹೋಯಿತು ಎಂದು ಕೇಳಿದರೆ ‘ಅದೇ ರೊಟ್ಟಿ ತಾನೇ?’ ಎಂಬ ಉತ್ತರ ಬರಬಹುದು. ಜೋಡಣೆ ಎಷ್ಟು ನಯವಾಗಿದೆಯೋ ಕಾಲದ ಜಿಗಿತ ಅಷ್ಟೇ ಕಣ್ತಪ್ಪಿಸಿಕೊಳ್ಳುತ್ತದೆ. ಹಾಗೆಂದು ಎಲ್ಲವನ್ನೂ ಬದಲಿಸಿ, ಬೇರೆ ಕೈ, ಬೇರೆ ಹಲಗೆ, ಬೇರೆ ಬೆಳಕು ಇಟ್ಟರೆ ‘ಇದು ಅವಳ ಮಗಳೇ?’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೇ ಮಣಿಕಟ್ಟಿನ ಮೇಲೊಂದು ಸುಟ್ಟ ಕಲೆ ಎರಡೂ ಕಡೆ ಇರಲಿ. ಇವಳೇ ಅವಳು ಎಂದು ಅದು ಹೇಳುತ್ತದೆ. ಮೊದಲ ಶಾಟ್‌ನಲ್ಲಿದ್ದ ಹಸಿರು ಗಾಜಿನ ಬಳೆಗಳು ಎರಡನೆಯದರಲ್ಲಿ ಇಲ್ಲದಿರಲಿ. ನಡುವೆ ಏನೋ ನಡೆದಿದೆ ಎಂದು ಆ ಬರಿಗೈ ಹೇಳುತ್ತದೆ.

ವರ್ಷಗಳನ್ನು ಎಣಿಸುವ ಕೆಲಸವನ್ನು ಸದ್ದಿಗೆ ಕೊಡಬಹುದು. ಮೊದಲ ಶಾಟ್‌ನಲ್ಲಿ ಹೊರಗಿನಿಂದ ಒಂದು ಮಗು ‘ಯವ್ವಾ, ರೊಟ್ಟಿ ಕೊಡು’ ಎನ್ನುತ್ತದೆ. ಇನ್ನೂ ಜೋಪಡಿಯ ಹಲಗೆಯೇ ಕಾಣುತ್ತಿರುವಾಗ, ಕಟ್‌ಗೆ ಹತ್ತು ಹನ್ನೆರಡು ಫ್ರೇಮ್ ಮೊದಲೇ, ಮೆಸ್ಸಿನ ಗದ್ದಲ ಒಳಗೆ ಬರಲಿ. ಚಿತ್ರ ಬದಲಾದ ಮೇಲೆ ಯಾರೋ ಹುಡುಗ ‘ಮಾವಶೀ, ದೋನ್ ಭಾಕರಿ’ ಎಂದು ಕೂಗುತ್ತಾನೆ. ಅವಳು ತಲೆಯೆತ್ತದೆ ಮರಾಠಿಯಲ್ಲೇ ಗದರಿಸುತ್ತಾಳೆ, ತಡವರಿಕೆಯಿಲ್ಲದೆ, ಪುಣೆಯವರದೇ ಧಾಟಿಯಲ್ಲಿ. ರೊಟ್ಟಿ ಭಾಕರಿಯಾಗಿದೆ, ಅವ್ವ ಮಾವಶಿಯಾಗಿದ್ದಾಳೆ. ಒಂದು ಭಾಷೆ ನಾಲಿಗೆಯಲ್ಲಿ ಹೀಗೆ ಕೂರಲು ಎಷ್ಟು ವರ್ಷ ಬೇಕು ಎಂಬುದು ವಲಸೆ ಹೋದ ಮನೆಯವರಿಗೆಲ್ಲ ಗೊತ್ತು. ತಲೆಗೆ ಬಿಳಿ ಬಣ್ಣ ಬಳಿಯುವುದಕ್ಕಿಂತ ಇದು ನಂಬುವಂಥದ್ದು, ಖರ್ಚೂ ಕಡಿಮೆ.

ಇಷ್ಟೆಲ್ಲ ಏಕೆ, ‘22 ವರ್ಷಗಳ ನಂತರ’ ಎಂದು ತೆರೆಯ ಮೇಲೆ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ. ನಿಖರವಾದ ಸಂಖ್ಯೆಯ ಮೇಲೇ ಕಥೆ ನಿಂತಿದ್ದರೆ, ಉದಾಹರಣೆಗೆ ಶಿಕ್ಷೆಯ ಅವಧಿಯೋ ಪರಿಹಾರಕ್ಕೆ ಕಾದ ವರ್ಷಗಳೋ ಆಗಿದ್ದರೆ, ಬರೆಯುವುದೇ ಪ್ರಾಮಾಣಿಕ. ಈ ಚಿತ್ರಕ್ಕೆ ಇಪ್ಪತ್ತೆರಡೋ ಇಪ್ಪತ್ತೈದೋ ಎಂಬುದು ಮುಖ್ಯವಲ್ಲ. ಅಷ್ಟು ವರ್ಷ ಅವಳನ್ನು ಏನು ಮಾಡಿದವು ಎಂಬುದು ಮುಖ್ಯ, ಅದನ್ನು ಅಂಕಿ ಹೇಳಲಾರದು.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕಟ್ ಆ ವರ್ಷಗಳನ್ನು ನುಂಗುತ್ತದೆ. ಗಂಡ ಎಲ್ಲಿ ಹೋದ, ಮಗು ಯಾವ ಶಾಲೆಗೆ ಹೋಯಿತು, ಜೋಪಡಿ ಎಷ್ಟು ಸಲ ಕಿತ್ತುಹೋಯಿತು ಎಂಬುದೆಲ್ಲ ಒಂದು ಬಡಿತದಲ್ಲಿ ಮಾಯ. ಕೈ ಅದೇ, ಕೆಲಸ ಅದೇ, ನಡುವೆ ಹೇಳುವಂಥದ್ದು ಏನೂ ಆಗಲಿಲ್ಲ ಎಂದು ಚಿತ್ರ ಹೇಳಿದಂತಾಗುತ್ತದೆ. ದುಡಿಯುವವರ ಬದುಕನ್ನು ದೂರದಿಂದ ನೋಡುವವರು ಹೇಗೂ ಹಾಗೆಯೇ ಅಂದುಕೊಂಡಿರುತ್ತಾರೆ. ಕಟ್ ಆ ಅಭಿಪ್ರಾಯಕ್ಕೆ ಮುದ್ರೆ ಒತ್ತಬಾರದು.

ಅಂಥ ಕಡೆ ‘ಸಿಟಿಜನ್ ಕೇನ್’ನ ಇನ್ನೊಂದು ಭಾಗ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೇನ್ ಮತ್ತು ಎಮಿಲಿಯ ದಾಂಪತ್ಯ ಹಳಸಿದ್ದನ್ನು ವೆಲ್ಸ್ ಒಂದೇ ಜಿಗಿತದಲ್ಲಿ ದಾಟಿಸಲಿಲ್ಲ. ಬೆಳಗಿನ ತಿಂಡಿಯ ಮೇಜಿನ ಹಲವು ಸಣ್ಣ ತುಣುಕುಗಳನ್ನು, ಸರ್ರನೆ ಪಕ್ಕಕ್ಕೆ ಹೊರಳುವ ಕ್ಯಾಮೆರಾದಿಂದ ಒಂದಕ್ಕೊಂದು ಹೆಣೆದ. ಎರಡು ಮೂರು ನಿಮಿಷದೊಳಗೆ ಮಾತು ತಣ್ಣಗಾಗುತ್ತದೆ, ಬಟ್ಟೆ ಬದಲಾಗುತ್ತದೆ, ಕೊನೆಗೆ ಹೆಂಡತಿ ಗಂಡನ ಎದುರಾಳಿಯ ಪತ್ರಿಕೆ ಓದುತ್ತ ಕೂತಿರುತ್ತಾಳೆ. ಮೇಜು ಕೊಂಡಿ, ಪ್ರತಿ ತುಣುಕೂ ಅಳತೆ.

ನಮ್ಮ ರೊಟ್ಟಿಗೂ ಹೀಗೆ ಮಾಡಬಹುದು. ಒಂದು ಕಟ್‌ನ ಬದಲು ನಾಲ್ಕು ರೊಟ್ಟಿ. ಎರಡನೆಯದರ ಹೊತ್ತಿಗೆ ಮಗುವಿನ ದನಿ ಒಡೆದಿದೆ, ಅರ್ಧ ಕನ್ನಡ, ಅರ್ಧ ಮರಾಠಿ. ಮೂರನೆಯದರಲ್ಲಿ ಬಳೆಯಿಲ್ಲ, ಯಾರೂ ಕರೆಯುವುದೂ ಇಲ್ಲ. ನಾಲ್ಕನೆಯದು ಮೆಸ್ಸು. ಇದಕ್ಕೆ ಹೆಚ್ಚು ಬೇಕಾಗುವುದು ಅರ್ಧ ನಿಮಿಷ ಮತ್ತು ಇನ್ನೆರಡು ಸಲ ಕ್ಯಾಮೆರಾ ಹೂಡುವ ಕೆಲಸ. ಹನ್ನೆರಡು ನಿಮಿಷದ ಚಿತ್ರದಲ್ಲಿ ಅರ್ಧ ನಿಮಿಷ ಸಣ್ಣದಲ್ಲ ಎಂದು ಸಂಕಲನಕಾರ ಗೊಣಗುವುದು ನ್ಯಾಯವೇ. ಆದರೂ ಅವಳ ಇಪ್ಪತ್ತೆರಡು ವರ್ಷಕ್ಕೆ ಚಿತ್ರ ಅಷ್ಟನ್ನಾದರೂ ಕೊಡಬೇಕು. ಮೂರನೆಯ ರೊಟ್ಟಿಯ ಮೌನದಲ್ಲಿ ಏನಾಯಿತೆಂದು ನೋಡುವವರು ಒಂದು ಕ್ಷಣ ತಡೆದು ಕೇಳಿಕೊಂಡರೆ ಆ ಅರ್ಧ ನಿಮಿಷ ವ್ಯರ್ಥವಾಗಲಿಲ್ಲ.