ನೆಲದ ಕೆಳಗೊಂದು ನೆಲ

ಒಂದೂವರೆ ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಕಾರಣ, ಮನೆ ಕಟ್ಟಿಸೋ ಗಲಾಟೆ. ಹೊಟ್ಟೆಪಾಡಿಗೆ ಸಿವಿಲ್ ಇಂಜಿನಿಯರ್ ಆದರೂ ಸ್ವಂತ ಮನೆ ಅಂದಾಗ ಮೇಸ್ತ್ರಿ, ಹೆಂಡತಿ, ಪಕ್ಕದ ಸೈಟಿನವರು ಎಲ್ಲರೂ ನನಗಿಂತ ದೊಡ್ಡ ಇಂಜಿನಿಯರುಗಳೇ. ಕಳೆದ ವಾರ ಮೇಸ್ತ್ರಿ ಜೊತೆ ಒಂದು ಜಗಳವೂ ಆಯ್ತು. ಅದನ್ನು ಹೇಳೋಕೆ ಮೊದಲು ನಮ್ಮಕ್ಕನ ಮನೆ ಕಥೆ ಹೇಳಬೇಕು.

ತುಮಕೂರಿನಲ್ಲಿ ಅಕ್ಕನ ಮನೆ. ಸೈಟು ಹಿಂದಕ್ಕೆ ಇಳಿಜಾರು. ಹಾಗಾಗಿ ಪಾಯದ ಒಳಗೆ ಮುಂದೆ ಒಂದೂವರೆ ಅಡಿ, ಹಿಂದೆ ಮೂರು ಅಡಿ ಮಣ್ಣು ತುಂಬಬೇಕಾಯ್ತು. ಗೃಹಪ್ರವೇಶ ಆಗಿ ಎರಡನೇ ಮಳೆಗಾಲದಲ್ಲಿ ಫೋನು: "ಹಾಲಿನ ಹಿಂದಿನ ಗೋಡೆ ಹತ್ರ ಸ್ಕರ್ಟಿಂಗ್ ಕೆಳಗೆ ಬೆರಳು ತೂರುತ್ತೆ ಕಣೋ." ಹೋಗಿ ನೋಡಿದರೆ ಟೈಲ್ಸು ತಟ್ಟಿದ ಕಡೆ ಡೊಳ್ಳು ಬಾರಿಸಿದ ಹಾಗೆ ಸದ್ದು. ಹಾಲಿನ ನಡುವೆ ಒಂದು ಬಿರುಕು ಆರು ಟೈಲ್ಸನ್ನು ಸೀಳಿಕೊಂಡು ಹೋಗಿತ್ತು. ಒಡೆಸಿ ನೋಡಿದೆವು. ಕಾಂಕ್ರೀಟು ಐದಿಂಚು ದಪ್ಪ, ಗಟ್ಟಿಯಾಗೇ ಇತ್ತು. ಅದರ ಕೆಳಗೆ ಮಾತ್ರ ಅಂಗೈ ತೂರುವಷ್ಟು ಖಾಲಿ ಜಾಗ! ಮಣ್ಣು ಕೆಳಗೆ ಕೂತುಬಿಟ್ಟಿತ್ತು, ನೆಲ ಗಾಳಿಯಲ್ಲಿತ್ತು.

ನನ್ನ ತಕರಾರು ಇಷ್ಟೇ. ನೆಲದ ಭಾರ ಹೊರೋದು ಕಾಂಕ್ರೀಟ್ ಅಲ್ಲ, ಮಣ್ಣು. ಕಬ್ಬಿಣ ಇಲ್ಲದ ಕಾಂಕ್ರೀಟು ಅದುಮಿದರೆ ತಡೆಯುತ್ತೆ, ಎಳೆದರೆ ಅದರ ಹತ್ತನೇ ಒಂದು ಭಾಗದಷ್ಟೂ ತಡೆಯೋದು ಕಷ್ಟ. ಕೆಳಗೆ ಆಸರೆ ತಪ್ಪಿದರೆ ಅದು ಬಾಗಬೇಕು, ಬಾಗಿದರೆ ಸೀಳಬೇಕು. ನಾಲ್ಕಿಂಚು ಬದಲು ಐದಿಂಚು ಹಾಕಿದರೆ ಸ್ವಲ್ಪ ತಡವಾಗಿ ಸೀಳುತ್ತೆ, ಅಷ್ಟೇ. ಆದರೆ ನಾವು ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತೇವೆ. ಮಣ್ಣು ತುಂಬುವ ದಿನ ಸೈಟಿನ ಕಡೆ ತಲೆ ಹಾಕಲ್ಲ.

ಅಕ್ಕನ ಮನೆಯಲ್ಲಿ ಆಗಿದ್ದೂ ಅದೇ. ಪಾಯ ತೋಡಿದ ಮಣ್ಣನ್ನು ಒಂದೇ ದಿನ ಒಳಗೆ ಸುರಿದು, ಮೇಲೆ ಪೈಪಿನಲ್ಲಿ ನೀರು ಬಿಟ್ಟಿದ್ದರು. "ನೀರು ಕುಡಿದ್ರೆ ತಾನಾಗೇ ಕೂತ್ಕೊಳುತ್ತೆ" ಅನ್ನೋದು ನಮ್ಮ ಕಡೆ ವೇದವಾಕ್ಯ. ಮರಳಿಗೆ ಈ ಮಾತು ನಿಜ. ಜೇಡಿ ಬೆರೆತ ಕೆಂಪು ಮಣ್ಣಿಗೆ ಸುಳ್ಳು. ಅದು ಮೇಲೆ ರಾಡಿಯಾಗುತ್ತೆ, ಕೆಳಗಿನ ಹೆಂಟೆಗಳ ನಡುವೆ ಟೊಳ್ಳು ಹಾಗೇ ಉಳಿಯುತ್ತೆ. ಮೂರು ಅಡಿ ಮಣ್ಣು ನೂರಕ್ಕೆ ಐದರಷ್ಟು ಕುಸಿದರೂ ಹತ್ತಿರ ಹತ್ತಿರ ಎರಡಿಂಚು. ಲೆಕ್ಕ ನೀವೇ ಹಾಕಿ.

ನಮ್ಮ ಮನೆಯಲ್ಲಿ ಆರಾರು ಇಂಚಿನ ಪದರದಲ್ಲಿ ತುಂಬಿಸಿದೆ. ಒಂದೊಂದು ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು. ಕೈಯಲ್ಲಿ ಅಲ್ಲ, ಬಾಡಿಗೆಗೆ ತಂದ ಮೆಶೀನಿನಲ್ಲಿ. ನೀರು ಎಷ್ಟು? ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು. ಪುಡಿ ಪುಡಿ ಆದರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚು. ಕೊನೆಗೆ ಒಂದು 12 ಎಂ.ಎಂ. ಸರಳು ತಗೊಂಡು ಅಲ್ಲಲ್ಲಿ ಕೈಯಿಂದ ಚುಚ್ಚಿ ನೋಡಿ. ಸಲೀಸಾಗಿ ಅಡಿ ಇಳಿದರೆ ಆ ಜಾಗ ಮತ್ತೆ ಮಾಡಿಸಿ. ಮುಖ್ಯವಾಗಿ ಗೋಡೆ ಮೂಲೆ, ಮತ್ತೆ ಪೈಪಿಗೆ ಅಂತ ಆಮೇಲೆ ಅಗೆದು ಮುಚ್ಚಿದ ಕಾಲುವೆ. ಎಷ್ಟೋ ಮನೆಗಳಲ್ಲಿ ಬಿರುಕು ನೇರ ಆ ಪೈಪಿನ ಮೇಲೇ ಓಡಿರುತ್ತೆ.

ಒಂದು ಎಚ್ಚರಿಕೆ. ಎರೆ ಮಣ್ಣಿನ ಸೀಮೆಯವರು ಆ ಮಣ್ಣನ್ನು ಒಳಗೆ ತುಂಬಲೇಬೇಡಿ. ಅದು ಎಷ್ಟು ದಮ್ಮಸ್ಸು ಮಾಡಿದರೂ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತೆ. ಗೊರಚು ಮಣ್ಣು ತರಿಸಿ. ಮೂರು ಅಡಿಗಿಂತ ತುಂಬಾ ಹೆಚ್ಚು ತುಂಬಬೇಕಾದರೆ, ಇಲ್ಲಾ ತುಂಬಿದ ಮಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ, ಪ್ಲಿಂತ್ ಬೀಮಿನಿಂದ ಬೀಮಿಗೆ ಕಬ್ಬಿಣ ಕಟ್ಟಿ ಸ್ಲ್ಯಾಬನ್ನೇ ಹಾಕಿಸೋದು ವಾಸಿ.

ಮಣ್ಣಿನ ಮೇಲೆ ಮೂರು ಇಂಚು ಮರಳು, ನೀರು ಹಾಕಿ ಕೂರಿಸಿ ಮಟ್ಟ ಮಾಡಿದ್ದು. ಇದು ಇಡೀ ಹಾಲಿಗೆ ಒಂದೇ ದಪ್ಪದ ಕಾಂಕ್ರೀಟ್ ಸಿಗೋ ಹಾಗೆ ಮಾಡುತ್ತೆ, ಮಣ್ಣಿನ ಕಲ್ಲುಗಳು ಪ್ಲಾಸ್ಟಿಕ್ಕಿಗೆ ಚುಚ್ಚದ ಹಾಗೆ ಕಾಯುತ್ತೆ. ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಶೀಟು. ಒಂದರ ಮೇಲೊಂದು ಆರಿಂಚು ಹಾಸಿ ಟೇಪ್ ಹಚ್ಚಿ, ಗೋಡೆ ಪಕ್ಕ ಮೇಲಕ್ಕೆ ಮಡಚಿದೆವು. ಮಣ್ಣಿನ ತೇವ ಮೇಲೇರಿ ಸ್ಕರ್ಟಿಂಗ್ ಹತ್ತಿರ ಉಪ್ಪು ಬಿಳಿಚಿಕೊಳ್ಳೋದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಇನ್ನೊಂದು ಉಪಕಾರ, ಕಾಂಕ್ರೀಟು ಕುಗ್ಗುವಾಗ ಶೀಟಿನ ಮೇಲೆ ಜಾರುತ್ತೆ. ಕೆಲವರು ಶೀಟಿನ ಮೇಲೆ ಮತ್ತೆ ಮರಳು ಹಾಕಿಸುತ್ತಾರೆ. ನಾನು ಒಪ್ಪಲ್ಲ. ಆ ಮರಳು ನೀರು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಮೇಲಕ್ಕೆ ಬಿಡುತ್ತೆ. ಒಂದೇ ತೊಂದರೆ ಅಂದರೆ, ಶೀಟು ಇದ್ದಾಗ ಕಾಂಕ್ರೀಟಿನ ನೀರು ಕೆಳಗೆ ಇಳಿಯಲ್ಲ. ಆದ್ದರಿಂದ ಕಲಸೋವಾಗ ನೀರು ಕಮ್ಮಿ ಇರಬೇಕು, ಇಲ್ಲದಿದ್ದರೆ ಮೇಲ್ಭಾಗ ಬೇಗ ಒಣಗಿ ಅಂಚುಗಳು ಮೇಲೇಳುತ್ತವೆ.

ಈಗ ಜಗಳಕ್ಕೆ ಬರೋಣ. ಹಾಲು 20 ಅಡಿಗೆ 14 ಅಡಿ. ನಾಲ್ಕಿಂಚು, ಒಂದಕ್ಕೆ ಎರಡು ಮರಳು ನಾಲ್ಕು ಜಲ್ಲಿ. ಬೆಳಿಗ್ಗೆ ಕಾಂಕ್ರೀಟ್ ಆಯ್ತು, ಸಂಜೆ ಕಟ್ಟರ್ ಬಂತು. ಮೇಸ್ತ್ರಿ ಮುಖ ಕೆಂಪಗಾಯ್ತು. "ಸಾರ್, ಇವತ್ತು ಹಾಕಿದ್ ಕಾಂಕ್ರೀಟ್ ಇವತ್ತೇ ಕುಯ್ಯೋದಾ? ಇನ್ನೊಂದಿಂಚು ದಪ್ಪ ಹಾಕ್ಬೋದಿತ್ತಲ್ಲ!"

ನಾನು ಹೇಳಿದ್ದು: ಕಾಂಕ್ರೀಟು ಒಣಗುತ್ತಾ ಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತೆ. 20 ಅಡಿಗೆ ಮೂರು ಮಿಲಿಮೀಟರ್. ಬಿರುಕು ಬಂದೇ ಬರುತ್ತೆ, ದಪ್ಪ ಮಾಡಿದರೆ ನಿಲ್ಲಲ್ಲ. ಎಲ್ಲಿ ಬರಬೇಕು ಅಂತ ನಾವು ಹೇಳಬೇಕೋ ಅದೇ ತೀರ್ಮಾನಿಸಬೇಕೋ, ಅಷ್ಟೇ ಪ್ರಶ್ನೆ. ನಾಲ್ಕಿಂಚು ದಪ್ಪಕ್ಕೆ ಎಂಟರಿಂದ ಹನ್ನೆರಡು ಅಡಿಗೊಂದು ಗೆರೆ ಬೇಕು. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಕುಯ್ದರೆ ಹತ್ತಕ್ಕೆ ಏಳಡಿಯ ನಾಲ್ಕು ಚೌಕ. ಆಳ ದಪ್ಪದ ಕಾಲು ಭಾಗ, ಅಂದರೆ ಒಂದಿಂಚು. ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ ಕುಯ್ಯಬೇಕು. ನಾಲ್ಕು ದಿನ ಬಿಟ್ಟು ಕುಯ್ದರೆ ಬಿರುಕು ಆಗಲೇ ತನ್ನ ದಾರಿ ಹಿಡಿದಿರುತ್ತೆ. ಗೋಡೆ, ಕಂಬದ ಸುತ್ತ ಅರ್ಧ ಇಂಚು ಥರ್ಮೋಕೋಲ್ ಮೊದಲೇ ಇಟ್ಟಿದ್ದೆ, ನೆಲ ಗೋಡೆಗೆ ಕಚ್ಚಿಕೊಳ್ಳಬಾರದಲ್ಲ.

ಇದೇನು ಹೊಸ ವಿದ್ಯೆ ಅಲ್ಲ. ಹಳೇ ಸಿಮೆಂಟ್ ನೆಲಗಳಲ್ಲಿ ಚೌಕ ಚೌಕವಾಗಿ ಗಾಜಿನ ಪಟ್ಟಿ ಕೂರಿಸುತ್ತಿದ್ದರು, ನೆನಪಿದೆಯಾ? ಅದು ಬರೀ ಅಲಂಕಾರ ಅಂದುಕೊಂಡಿದ್ದೆವು. ಟೈಲ್ಸ್ ಬಂದ ಮೇಲೆ ಆ ಗೆರೆ ಮರೆತೇ ಹೋಯ್ತು. ಈಗ ಟೈಲ್ಸಿನವನಿಗೂ ಹೇಳಿಟ್ಟಿದ್ದೇನೆ: ಕುಯ್ದ ಗೆರೆ ಮೇಲೆ ಟೈಲ್ಸಿನ ಸಂದು ಬರಬೇಕು, ಅಲ್ಲಿ ಸಿಮೆಂಟ್ ಬದಲು ಮೆತ್ತನೆ ಸೀಲೆಂಟ್ ತುಂಬಬೇಕು. ಇಲ್ಲದಿದ್ದರೆ ಕೆಳಗಿನ ಬಿರುಕು ಟೈಲ್ಸಿನಲ್ಲೇ ಮೇಲೆ ಬರುತ್ತೆ.

ಮೂರು ದಿನ ಆದ ಮೇಲೆ ಮೇಸ್ತ್ರಿನೇ ಬಗ್ಗಿ ನೋಡಿದ. ಕುಯ್ದ ಗೆರೆಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು, ನೆಟ್ಟಗೆ, ಗೆರೆ ಬಿಟ್ಟು ಆಚೀಚೆ ಹೋಗದೆ. "ಬಂತಲ್ಲ ಸಾರ್!" ಅಂದ. ಬಯ್ದನೋ ಮೆಚ್ಚಿದನೋ ಇನ್ನೂ ಗೊತ್ತಾಗಿಲ್ಲ.

ಅಕ್ಕ ಮಾತ್ರ ಹಾಲನ್ನು ಪೂರ್ತಿ ಒಡೆಸಿ, ಮಣ್ಣು ತೆಗೆಸಿ, ಮತ್ತೆ ಮೊದಲಿಂದ ಮಾಡಿಸಿದಳು. ಟೈಲ್ಸ್ ದುಡ್ಡೂ ಎರಡು ಸಲ. ನಿಮ್ಮ ಮನೆ ನೆಲ ತಟ್ಟಿ ನೋಡಿದ್ದೀರಾ? ಡೊಳ್ಳಿನ ಸದ್ದು ಬಂದರೆ ಕೆಳಗೆ ಬರೆಯಿರಿ, ಮಾತಾಡೋಣ.