ಮರ್ಯಾದಸ್ಥ ಅಂತ ಹೊಗಳಬೇಡಿ, ಅವನು ಹೆದರಿದ್ದಾನೆ

"ಹುಡುಗ ಪಾಪ, ತಲೆ ಎತ್ತಿ ಮಾತಾಡುವವನೇ ಅಲ್ಲ." ಹೆಣ್ಣಿನ ಕಡೆಯವರ ಮುಂದೆ ನನ್ನ ಬಗ್ಗೆ ದಲ್ಲಾಳಿ ಹೇಳಿದ ಮಾತಿದು. ಉಮ್ಮ ಪಕ್ಕದಲ್ಲಿ ಕೂತು ಹೆಮ್ಮೆಯಿಂದ ತಲೆಯಾಡಿಸಿದರು. ಆಗ ನನಗೂ ಅದು ಹೊಗಳಿಕೆಯಂತೆಯೇ ಕೇಳಿಸಿತ್ತು. ಈಗ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಾನು ತಲೆ ತಗ್ಗಿಸಿದ್ದು ಮರ್ಯಾದೆಯಿಂದಲ್ಲ, ಎದುರಿಗಿರುವವಳು ನನ್ನನ್ನು ಬೇಡ ಅನ್ನುತ್ತಾಳೆ ಎಂಬ ಹೆದರಿಕೆಯಿಂದ. ಇಬ್ಬರು ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ಪರವಾಗಿ ತೀರ್ಮಾನ ಮಾಡಿದ್ದು ಆ ಹೆದರಿಕೆಯೇ. ಒಬ್ಬರಿಂದ ನನ್ನನ್ನು ದೂರ ಓಡಿಸಿತು, ಇನ್ನೊಬ್ಬರಿಗೆ ಹೂಂ ಅನ್ನಿಸಿತು. ಎರಡೂ ತಪ್ಪು.

ನಮ್ಮ ಬಾಪನ ಅಂಗಡಿ ಇರುವುದು ಪತ್ತಿಕೊಂಡದಲ್ಲಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಮೆಷಿನ್ ರಿಪೇರಿ ಕೆಲಸಕ್ಕೆ ಸೇರಿದ್ದೆ. ಬೆಳಗಿನ ಬಸ್ಸಿನಲ್ಲಿ ಒಬ್ಬರು ಟೀಚರ್ ಬರುತ್ತಿದ್ದರು. ಎಂ.ಎಸ್ಸಿ. ಓದಿದವರು. ಆರು ತಿಂಗಳು ಮಾತಾಡಿದೆವು. ರಶ್ಶಿರುವ ದಿನ ಕಿಟಕಿಯಿಂದ ಕರ್ಚೀಫ್ ಹಾಕಿ ಅವರಿಗೆ ಸೀಟು ಹಿಡಿಯುತ್ತಿದ್ದೆ. ರಾತ್ರಿ "ಊಟ ಆಯ್ತಾ" ಎಂದು ಮೆಸೇಜು ಹಾಕುತ್ತಿದ್ದೆ. ನನ್ನ ಮನಸ್ಸು ಅವರಿಗೆ ಸ್ಪಷ್ಟವಾಗಿ ಗೊತ್ತಾಗಿದೆ ಎಂದೇ ನಂಬಿದ್ದೆ. ಒಂದು ವಾರ ಅವರ ಉತ್ತರಗಳು ತಡವಾಗಿ ಬಂದವು. ಡಿಪ್ಲೊಮಾದವನಿಗೆ ಇನ್ನೇನು ಉತ್ತರ ಬರುತ್ತದೆ ಎಂದುಕೊಂಡು ನಾನು ಬಸ್ಸನ್ನೇ ಬದಲಾಯಿಸಿದೆ. ಎರಡು ವರ್ಷದ ನಂತರ ಒಂದು ಮದುವೆಯಲ್ಲಿ ಅವರೇ ಸಿಕ್ಕಿದರು, ಮಡಿಲಲ್ಲಿ ಮಗು. "ಆ ವಾರ ಶಾಲೆಯಲ್ಲಿ ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ. ನೀವು ಒಮ್ಮೆಲೇ ಕಾಣೆಯಾದಿರಿ. ನನ್ನಿಂದ ಏನೋ ತಪ್ಪಾಯಿತು ಅಂದುಕೊಂಡೆ" ಎಂದರು.

ಇದು ನನ್ನೊಬ್ಬನ ಪೆದ್ದುತನವಲ್ಲ. ಕೆನಡಾದ ಮನಃಶಾಸ್ತ್ರಜ್ಞೆ ಜಾಕಿ ವೊರಾವರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನೇ ತೋರಿಸಿದ್ದಾರೆ. ತಿರಸ್ಕಾರಕ್ಕೆ ಹೆದರುವವರು ತಮ್ಮ ಇಷ್ಟವನ್ನು ಬಹಳ ಸಣ್ಣದಾಗಿ ಸೂಚಿಸುತ್ತಾರೆ, ಆದರೆ ಅದು ಎದುರಿನವರಿಗೆ ಚೆನ್ನಾಗಿ ಮುಟ್ಟಿದೆ ಎಂದು ತಿಳಿಯುತ್ತಾರೆ. ಒಳಗೆ ಎದೆ ಅಷ್ಟು ಜೋರಾಗಿ ಬಡಿಯುವಾಗ ಹೊರಗೂ ಕೇಳಿಸಿರಬೇಕು ಎಂಬ ಲೆಕ್ಕ. ಎದುರಿನವರಿಗೆ ಕಾಣುವುದು ಒಂದು ಕರ್ಚೀಫ್, ಒಂದು "ಊಟ ಆಯ್ತಾ". ಅದಕ್ಕೆ ಅವರು ಏನೂ ಉತ್ತರ ಕೊಡದಿದ್ದರೆ, ನಾವು ಕೇಳಿದ್ದಕ್ಕೆ ಬೇಡ ಎಂದರು ಎಂದು ಬರೆದುಕೊಳ್ಳುತ್ತೇವೆ. ನಿಜದಲ್ಲಿ ನಾವು ಕೇಳಿಯೇ ಇರಲಿಲ್ಲ.

ವರ್ಕ್‌ಶಾಪಿನಲ್ಲಿ ವರ್ನಿಯರ್ ಕೈಗೆತ್ತಿಕೊಂಡರೆ ಮೊದಲು ಅದರ ಬಾಯಿ ಪೂರ್ತಿ ಮುಚ್ಚಿ ನೋಡಬೇಕು. ಮಧ್ಯೆ ಏನೂ ಇಲ್ಲದಿದ್ದಾಗಲೂ 0.2 ಮಿ.ಮೀ. ತೋರಿಸಿದರೆ ಅದು ಝೀರೋ ಎರರ್. ಅದನ್ನು ಕಳೆಯದೆ ಅಳೆದರೆ ಒಳ್ಳೆಯ ಜಾಬೂ ರಿಜೆಕ್ಟ್ ಆಗುತ್ತದೆ. ನನ್ನದೂ ಹಾಗೆಯೇ ಇತ್ತು. ಆಕೆ ಏನೂ ಹೇಳದಿದ್ದಾಗಲೇ ನನ್ನ ಒಳಗಿನ ಅಳತೆಗೋಲು "ಬೇಡ" ಎಂದು ತೋರಿಸುತ್ತಿತ್ತು.

ಇನ್ನು ಎರಡನೆಯದು. ನಮ್ಮ ಪತ್ತಿಕೊಂಡದ ಟೊಮೆಟೊ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಟು ಬಿದ್ದ ದಿನ ರೈತ ಮೊದಲು ಕೂಗಿದ ಬೆಲೆಗೇ ಕೊಟ್ಟುಬಿಡುತ್ತಾನೆ. ಸಂಜೆಯವರೆಗೆ ಇಟ್ಟರೆ ಕೊಳೆಯುತ್ತದೆ ಎಂಬ ಭಯ. ಟೊಮೆಟೊ ವಿಷಯದಲ್ಲಿ ಆ ಭಯ ನಿಜ. ಆದರೆ ನನಗೆ ಮೂವತ್ತು ದಾಟಿದಾಗ ಮನೆಯಲ್ಲಿ, ಅಂಗಡಿಯಲ್ಲಿ, ಮದುವೆ ಚಪ್ಪರದಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ನೋಡತೊಡಗಿದರು. ಮೊದಲು ಹೂಂ ಅಂದ ಸಂಬಂಧಕ್ಕೆ ನಾನು ಒಂದೇ ದಿನದಲ್ಲಿ ಹೂಂ ಅಂದೆ. ಹುಡುಗಿಗೆ ಏನಿಷ್ಟ, ಮುಂದೆ ಏನು ಮಾಡಬೇಕೆಂದಿದ್ದಾಳೆ, ಒಂದನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಹೆದರಿಕೆ. ನಿಶ್ಚಯವಾಗಿ ನಾಲ್ಕು ತಿಂಗಳಾದ ಮೇಲೆ ಆಕೆಯೇ ಫೋನ್ ಮಾಡಿ ಕೇಳಿದಳು: "ನೀವು ನನ್ನನ್ನು ಒಪ್ಪಿದ್ದಾ, ಅಥವಾ ನಾನು ಒಪ್ಪಿದೆ ಅಂತ ಒಪ್ಪಿದ್ದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಬಂಧ ಮುರಿಯಿತು. ಊರು ಆಕೆಯನ್ನೇ ದೂರಿತು. "ಅಷ್ಟು ಪಾಪದ ಹುಡುಗನನ್ನು ಬಿಟ್ಟಳಲ್ಲ!"

ಟೊರಾಂಟೊದ ಸ್ಟೆಫನಿ ಸ್ಪೀಲ್ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ "ಒಂಟಿಯಾಗಿ ಉಳಿಯುವ ಭಯ"ದ ಬಗ್ಗೆಯೇ. ಆ ಭಯ ಹೆಚ್ಚಿರುವವರು, ಗಂಡಾಗಲಿ ಹೆಣ್ಣಾಗಲಿ, ತಮ್ಮ ಬಗ್ಗೆ ಅಷ್ಟೇನೂ ಕಾಳಜಿ ತೋರದವರಲ್ಲೂ ಆಸಕ್ತಿ ತೋರುತ್ತಾರೆ, ತೃಪ್ತಿ ಇಲ್ಲದ ಸಂಬಂಧಕ್ಕೂ ಅಂಟಿಕೊಳ್ಳುತ್ತಾರೆ. ಈ ಅಧ್ಯಯನಗಳು ಆ ದೇಶದ್ದು, ಅಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಆರಿಸಿಕೊಳ್ಳುವ ರೀತಿ ಬೇರೆ, ಒಪ್ಪುತ್ತೇನೆ. "ನಮ್ಮಲ್ಲಿ ಡೇಟಿಂಗ್ ಎಲ್ಲಿದೆ, ಹಿರಿಯರು ನೋಡುತ್ತಾರೆ" ಎನ್ನುವವರಿಗೆ ಮಾತ್ರ ನನ್ನ ಉತ್ತರ ಇದು: ಬಸ್ಸಿನಲ್ಲಿ ಆರು ತಿಂಗಳು ನಡೆದದ್ದು ಏನು? ನಿಶ್ಚಯವಾದ ಮೇಲೆ ರಾತ್ರಿಯ ಫೋನ್ ಏನು? ಹಿರಿಯರು ಹತ್ತು ಫೋಟೊ ತಂದಾಗ ಒಂದನ್ನು ಪಕ್ಕಕ್ಕೆ ಸರಿಸಿ "ಇವರು ನಮಗೆ ಎಟುಕುವವರಲ್ಲ" ಎನ್ನುವುದು ಯಾರು? ಆ ಕೈ ನಮ್ಮದೇ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ತಿರಸ್ಕಾರವೂ ನಮ್ಮ ಕಲ್ಪನೆಯಲ್ಲ. ಬಣ್ಣ, ಜಾತಿ, ಮನೆ, ಸಂಬಳ ನೋಡಿ ಬೇಡ ಎನ್ನುವವರು ಇದ್ದೇ ಇದ್ದಾರೆ. ಒಬ್ಬಳು ಹುಡುಗಿ ಅಪರಿಚಿತನಿಂದ ದೂರ ಉಳಿದರೆ ಅದು ಕೀಳರಿಮೆಯಲ್ಲ, ಜಾಗ್ರತೆ. ಸ್ಪಷ್ಟವಾಗಿ ಬೇಡ ಎಂದವರನ್ನು ಮತ್ತೆ ಮತ್ತೆ ಕೇಳುವುದಕ್ಕೆ ಧೈರ್ಯ ಎಂದು ಹೆಸರಿಡಬೇಡಿ, ಅದು ಕಾಟ. ನಾನು ಹೇಳುತ್ತಿರುವುದು ಯಾರೂ ಬೇಡ ಎನ್ನದಿದ್ದಾಗ ನಾವೇ ಬರೆದುಕೊಂಡ "ಬೇಡ"ದ ಬಗ್ಗೆ.

ಅದನ್ನು ಗುರುತಿಸುವುದು ಹೇಗೆ? ದೂರ ಸರಿಯುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಆಕೆ ಹೇಳಿದ ಮಾತು ಯಾವುದು, ನಾನು ಊಹಿಸಿದ್ದು ಯಾವುದು? ಹೇಳಿದ ಮಾತು ಒಂದೂ ಸಿಗದಿದ್ದರೆ ಅದು ನಿಮ್ಮ ಝೀರೋ ಎರರ್. ಹೂಂ ಅನ್ನುವ ಮೊದಲು ಇನ್ನೊಂದು: ನಾಳೆ ಇಂಥ ಐದು ಮನೆಯವರು ಹೂಂ ಅನ್ನುತ್ತಾರೆ ಎಂದು ಖಾತ್ರಿ ಇದ್ದರೆ, ಇವಳನ್ನೇ ಆರಿಸುತ್ತಿದ್ದೆನಾ? ತಡವರಿಸಿದರೆ ನಿಶ್ಚಯಕ್ಕೆ ಮುಂಚೆಯೇ ಕೂತು ಮಾತಾಡಿ. ಕೇಳುವುದಾದರೆ ಒಂದೇ ವಾಕ್ಯ ಸಾಕು: "ನನಗೆ ನೀವು ಇಷ್ಟ, ಮನೆಯವರ ಹತ್ತಿರ ಮಾತಾಡಿಸಲಾ? ಬೇಡ ಅಂದರೂ ಬೇಜಾರಿಲ್ಲ." ಕರ್ಚೀಫ್ ಹಾಕಿದ್ದು ಈ ವಾಕ್ಯಕ್ಕೆ ಸಮ ಆಗುವುದಿಲ್ಲ. ಮಾತಾಡುವ ಮೊದಲೇ ಕೈ ನಡುಗಿ, ದಿನಗಟ್ಟಲೆ ನಿದ್ದೆ ಹಾಳಾಗುವಷ್ಟಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ಮಾತಾಡದ ಹುಡುಗನನ್ನು ಮರ್ಯಾದಸ್ಥ ಎಂದು ಮಾರ್ಕೆಟ್ ಮಾಡಬೇಡಿ. ಅವನು ಯಾಕೆ ಮಾತಾಡುತ್ತಿಲ್ಲ ಎಂದು ಒಮ್ಮೆ ಕೇಳಿ. ಅವನ ಮೌನದ ಬೆಲೆ ಕೊಡುವವರಲ್ಲಿ ಅವನೊಬ್ಬನೇ ಇರುವುದಿಲ್ಲ. ತನ್ನಿಂದ ಏನು ತಪ್ಪಾಯಿತು ಎಂದು ಎರಡು ವರ್ಷ ಯೋಚಿಸಿದ ಟೀಚರ್ ಇರುತ್ತಾಳೆ. ಒಳ್ಳೆಯ ಹುಡುಗನನ್ನು ಬಿಟ್ಟವಳು ಎಂಬ ಹೆಸರು ಹೊತ್ತು ಬದುಕುವವಳೂ ಇರುತ್ತಾಳೆ. ಆಕೆಯ ತಪ್ಪು ಒಂದೇ, ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಆಕೆ ಕೇಳಿದಳು.